ಹತ್ತು ಬೋರ್ಡು, ಒಂದೇ ಆರ್ಡರು

ಕಳೆದ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ನಮ್ಮ ಹಾಸ್ಟೆಲ್‌ನ ಹತ್ತು ಜನ ಸೇರಿ ಆನ್‌ಲೈನ್‌ನಲ್ಲಿ ಇಎಸ್‌ಪಿ32 ಬೋರ್ಡ್ ತರಿಸಿದ್ವಿ. ಬಿಡಿಯಾಗಿ ಒಂದಕ್ಕೆ 450 ರೂಪಾಯಿ, ಹತ್ತು ಒಟ್ಟಿಗೆ ತಗೊಂಡ್ರೆ 380. ಒಟ್ಟು 700 ಉಳೀತು.

‘ಆ್ಯಪ್ ಬಿಟ್ಟು ನೇರ ಯುಪಿಐ ಮಾಡಿ, ಇನ್ನೂ ಕಡಿಮೆ ಮಾಡ್ತೀವಿ’ ಅಂದ್ರು ಮಾರುವವರು. ನಾವು ಒಪ್ಪಲಿಲ್ಲ. ಹಾಗೆ ಕಳಿಸಿದ ದುಡ್ಡಿಗೆ ಆ್ಯಪ್‌ನ ರೀಫಂಡ್ ಸಿಗಲ್ಲ. ಎಲ್ಲರ ಪಾಲು ಮೊದಲೇ ಕೂಡಿಸಿ ಆ್ಯಪ್‌ನಲ್ಲೇ ಕಟ್ಟಿದ್ವಿ.

ಆರ್ಡರ್ ಒಬ್ಬರ ಹೆಸರಲ್ಲಿ, ರಿಟರ್ನ್ ಗಡುವು 7 ದಿನ. ಹಂಚಿಬಿಟ್ರೆ ಕೆಲವರು ತಿಂಗಳಾದ್ಮೇಲೆ ಕವರ್ ಬಿಚ್ತಾರೆ. ಅದಕ್ಕೇ ಡಬ್ಬ ಬಿಚ್ಚೋದನ್ನ ವಿಡಿಯೋ ಮಾಡಿ, ಹತ್ತಕ್ಕೂ ಚಿಕ್ಕ ಪ್ರೋಗ್ರಾಮ್ ಹಾಕಿ ನೋಡಿದ್ವಿ. ಕೇಬಲ್ ಬದಲಿಸಿದ್ರೂ ಎರಡರಲ್ಲಿ ಅಪ್‌ಲೋಡ್ ಆಗ್ಲೇ ಇಲ್ಲ. ಅವತ್ತೇ ರಿಟರ್ನ್ ಹಾಕಿದ್ವಿ. ಬದಲಿ ಬಂದ ಮೇಲೇ ಹಂಚಿದ್ದು.