ಬಣ್ಣದ ಕಮೋಡ್ ನಿಜಕ್ಕೂ ಮಾಸುತ್ತಾ? ಶಾಗ್ಯದ ಒಂದು ಬಾತ್‌ರೂಮ್ ಕಥೆ

ಇವತ್ತಿನ ಎಪಿಸೋಡ್ ಶುರುವಾಗೋದು ಬಾತ್‌ರೂಮಲ್ಲಿ. ನಗಬೇಡಿ, ಇದರಲ್ಲಿ ದುಡ್ಡಿನ ವಿಷಯ ಇದೆ.

ಹನೂರು ತಾಲೂಕಿನ ಶಾಗ್ಯದಲ್ಲಿ ನಮ್ಮ ಚಿಕ್ಕಮ್ಮನ ಮನೆ. ಸುಮಾರು ಹದಿನೈದು ವರ್ಷದ ಹಿಂದೆ ಕಟ್ಟಿಸಿದಾಗ ಕಮೋಡು, ಬೇಸಿನ್ನು, ಗೋಡೆಯ ಟೈಲ್ಸು ಎಲ್ಲಾ ತಿಳಿಹಸಿರು ಸೆಟ್ ಹಾಕಿಸಿದ್ದರು. ಮೊನ್ನೆ ಬೇಸಿನ್ ಬಿರುಕು ಬಿಡ್ತು. ಕೊಳ್ಳೇಗಾಲದ ಅಂಗಡಿಗಳಲ್ಲಿ ಹುಡುಕಿದ್ವಿ. ಬಿಳಿ ಇದೆ, ಐವರಿ ಇದೆ, ಆ ಹಸಿರು ಮಾತ್ರ ಎಲ್ಲೂ ಇಲ್ಲ. ಚಿಕ್ಕಮ್ಮ ಹೇಳಿದ್ದು ಒಂದೇ ಮಾತು: "ಹೆಂಗಿದ್ರೂ ಕಮೋಡು ಬಣ್ಣ ಬಿಟ್ಟೋಗದೆ ಕಣ ಮಗ, ಟೈಲ್ಸ್ ಸಮೇತ ಎಲ್ಲಾ ಕಿತ್ತಾಕ್ಬುಡನ."

ಕಿತ್ತರೆ ಖರ್ಚು ಸಣ್ಣದಲ್ಲ. ಅದಕ್ಕೇ ನಾನು ಮೊದಲು ಫ್ಲಶ್ ಟ್ಯಾಂಕಿನ ಪಿಂಗಾಣಿ ಮುಚ್ಚಳ ಎತ್ತಿ, ಅದರ ಅಂಚನ್ನು ಒಳಗಡೆಯಿಂದ ನೋಡಿದೆ. ನೀರು, ಬ್ರಷ್ಷು, ಆಸಿಡ್ಡು ಯಾವುದೂ ಮುಟ್ಟದ ಜಾಗ ಅದು. ಅಲ್ಲಿ ಹಸಿರು ಗಾಢವಾಗಿತ್ತು. ಮುಚ್ಚಳದ ಮೇಲ್ಭಾಗವನ್ನ ಒದ್ದೆ ಬಟ್ಟೆಯಲ್ಲಿ ಒರೆಸಿದ್ರೆ ಅದೂ ಅದೇ ಹಸಿರು. ಆದರೆ ನೀರು ಬೀಳೋ ಬಟ್ಟಲಿನ ಒಳಗೆ ಮಾತ್ರ ಬೂದಿ ಬಳಿದಂಗೆ ಪೇಲವ. ನಿಜವಾಗಿ ಬಣ್ಣ ಮಾಸಿದ್ದರೆ ಬಿಸಿಲು, ಬೆಳಕು ಬೀಳೋ ಮೇಲ್ಭಾಗ ಮೊದಲು ಮಾಸಬೇಕಿತ್ತು, ಅಲ್ವಾ?

ವಿಷಯ ಏನಂದ್ರೆ, ಕಮೋಡಿನ ಬಣ್ಣ ಗೋಡೆಗೆ ಬಳಿಯೋ ಪೇಂಟ್ ಥರ ಅಲ್ಲ. ಗಾಜಿನಂಥ ಮೆರುಗಿನ ಪದರ ಇರುತ್ತೆ, ಅದನ್ನ ಗ್ಲೇಜ್ ಅಂತಾರೆ. ಬಣ್ಣದ ಪುಡಿ ಅದರೊಳಗೇ ಸೇರಿ, ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದಿರುತ್ತೆ. ಅಷ್ಟು ಬೆಂಕಿ ಕಂಡ ಬಣ್ಣ ಕಿಟಕಿ ಬಿಸಿಲಿಗೆ ಹೆದರಲ್ಲ. (ಪ್ಲಾಸ್ಟಿಕ್ ಸೀಟ್ ಕವರ್ ಲೆಕ್ಕ ಬೇರೆ. ಅದು ನಿಜಕ್ಕೂ ಹಳದಿಯಾಗುತ್ತೆ. ಕಮೋಡೇ ಹಾಳಾಯ್ತು ಅನ್ನೋರು ಎಷ್ಟೋ ಸಲ ನೋಡಿರೋದು ಸೀಟನ್ನ.)

ಹಾಗಾದ್ರೆ ಆ ಬೂದಿ ಏನು? ಬೋರ್‌ವೆಲ್ ಗಡಸು ನೀರು. ನೀರು ಆರಿದಾಗ ಸುಣ್ಣದ ಅಂಶ ತೆಳ್ಳಗೆ ಕೂರುತ್ತೆ, ವರ್ಷಗಟ್ಟಲೆ ಪದರದ ಮೇಲೆ ಪದರ. ಬಿಳಿ ಕಮೋಡಲ್ಲಿ ಬಿಳಿ ಸುಣ್ಣ ಕಣ್ಣಿಗೆ ಬೀಳಲ್ಲ, ಅಲ್ಲಿ ಎದ್ದು ಕಾಣೋದು ಕಬ್ಬಿಣದ ತುಕ್ಕಿನ ಕೆಂಗಂದು ಗೆರೆ. ಹಸಿರು, ನೀಲಿ, ಕಪ್ಪಲ್ಲಿ ಉಲ್ಟಾ. ಬಣ್ಣ ಗಾಢವಾದಷ್ಟೂ ಸುಣ್ಣ ಎದ್ದು ಕಾಣುತ್ತೆ. ಅದನ್ನೇ ನಾವು "ಬಣ್ಣ ಬಿಡ್ತು" ಅಂತೀವಿ.

ಪರೀಕ್ಷೆ ಸುಲಭ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ನಿಂಬೆ ಉಪ್ಪು ಹಾಕಿ, ಬಟ್ಟೆ ಅದ್ದಿ, ಅಂಗೈಯಷ್ಟು ಜಾಗದ ಮೇಲೆ ಅರ್ಧ ಗಂಟೆ ಹಾಸಿಬಿಡಿ. ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಚ್ತೀವಲ್ಲ, ಇದೂ ಹುಳಿಯ ಕೆಲಸವೇ. ತೊಳೆದಾಗ ಬಣ್ಣ ಬಂದ್ರೆ ಅದು ಸುಣ್ಣ ಅಷ್ಟೇ. ಎರಡು ಮೂರು ಸಲ ಮಾಡಿದ ಮೇಲೂ ಮಂಕಾಗಿದ್ದು ಉಗುರಿಗೆ ತರಿತರಿ ಸಿಕ್ಕರೆ, ಗ್ಲೇಜ್ ಗೀರಿಹೋಗಿದೆ. ಉಜ್ಜೋ ಪುಡಿ, ಕಬ್ಬಿಣದ ನಾರು ಮಾಡೋ ಕೆಲಸ ಅದು. ಅದಕ್ಕೆ ಮನೆಯಲ್ಲಿ ಮದ್ದಿಲ್ಲ.

ಸ್ಟ್ರಾಂಗ್ ಆಸಿಡ್ ಸುರಿದ್ರೆ ಸುಣ್ಣ ಬೇಗ ಹೋಗುತ್ತೆ, ನಿಜ. ಜೊತೆಗೆ ಟೈಲ್ಸ್ ಸಂದಿಯ ಸಿಮೆಂಟೂ ಕರಗುತ್ತೆ. ಇನ್ನು ಆಸಿಡ್ಡು, ಬ್ಲೀಚಿಂಗ್ ಪೌಡರ್ ಎರಡನ್ನೂ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಅನಿಲ ಬರುತ್ತೆ. ಮುಚ್ಚಿದ ಬಾತ್‌ರೂಮಲ್ಲಿ ಅದು ಪ್ರಾಣಕ್ಕೇ ಅಪಾಯ.

ಚಿಕ್ಕಮ್ಮನ ಕಮೋಡು ಮೂರನೇ ಸಲಕ್ಕೆ ಹಸಿರಾಯ್ತು. ನೀರು ನಿಲ್ಲೋ ಗೆರೆಯಲ್ಲಿ ಒಂದಿಷ್ಟು ಗೀರು ಉಳೀತು. ಆದರೆ ಬೇಸಿನ್ ಸಮಸ್ಯೆ ಹಾಗೇ ಇತ್ತು. ಬಣ್ಣದ ಸಾಮಾನಿನ ನಿಜವಾದ ಕಷ್ಟ ಇದೇ ಅನ್ಸುತ್ತೆ ನಂಗೆ. ಅದು ಮಾಸೋದಕ್ಕಿಂತ ಮೊದಲು ಅಂಗಡಿಯಿಂದ ಮಾಯ ಆಗುತ್ತೆ. ಹತ್ತಿರದ ಹಸಿರು ಸಿಕ್ಕರೂ ಕೂರಲ್ಲ. ಕಮೋಡಿನ ಮಣ್ಣು, ಟೈಲ್ಸಿನ ಮಣ್ಣು, ಬೇಯಿಸೋ ಶಾಖ ಎಲ್ಲಾ ಬೇರೆ, ಹಾಗಾಗಿ ಅದೇ ಪುಡಿ ಹಾಕಿದ್ರೂ ಬಣ್ಣ ಬೇರೆ ಕಾಣುತ್ತೆ. 1927ರಲ್ಲಿ ಅಮೆರಿಕದ ಕೋಲರ್ ಕಂಪನಿ ಟಬ್ಬು, ಬೇಸಿನ್ನು, ಕಮೋಡು ಒಂದೇ ಬಣ್ಣದಲ್ಲಿ ತಂದಾಗ ಅದು ದೊಡ್ಡ ಸುದ್ದಿಯಾಗಿದ್ದೇ ಇದಕ್ಕೆ. ಟಬ್ಬು ಎನಾಮಲ್ ಹಚ್ಚಿದ ಕಬ್ಬಿಣ, ಕಮೋಡು ಪಿಂಗಾಣಿ, ಎರಡಕ್ಕೂ ಒಂದೇ ಬಣ್ಣ ಬರಿಸಬೇಕಿತ್ತು. ಟೈಲ್ಸಲ್ಲೂ ಅಷ್ಟೇ, ಒಂದೇ ಹೆಸರಿನ ಎರಡು ಬ್ಯಾಚ್ ಒಂದೇ ಥರ ಇರಲ್ಲ. ಡಬ್ಬಿ ಮೇಲಿನ ಬ್ಯಾಚ್ ನಂಬರ್, ಶೇಡ್ ನಂಬರ್ ನೋಡಿ ತಗೊಳ್ಳಿ, ಒಂದು ಡಬ್ಬಿ ಜಾಸ್ತಿ ತಗೊಂಡು ಅಟ್ಟದ ಮೇಲಿಡಿ.

ಬಿಳಿಯಲ್ಲೂ ನೀಲಿ ಛಾಯೆ, ಕೆನೆ ಛಾಯೆ ಅಂತ ವ್ಯತ್ಯಾಸ ಇದ್ದೇ ಇದೆ. ಆದರೂ ಹದಿನೈದು ವರ್ಷ ಬಿಟ್ಟು ಹೋದ್ರೂ ಬಿಳಿ ಸಿಗುತ್ತೆ. ಹಾಗಾಗಿ ನನ್ನ ಲೆಕ್ಕ: ಕಮೋಡು, ಬೇಸಿನ್ ಬಿಳಿ ಇರಲಿ, ಬಣ್ಣದ ಆಸೆ ಟೈಲ್ಸಲ್ಲಿ, ಬಕೆಟ್ಟಲ್ಲಿ ತೀರಿಸ್ಕೊಳ್ಳಿ.

ಶಾಗ್ಯದಲ್ಲಿ ಕೊನೆಗೆ ಬಿಳಿ ಬೇಸಿನ್ ಕೂರಿಸಿದ್ವಿ. ಟೈಲ್ಸ್ ಕೀಳಲಿಲ್ಲ. ಚಿಕ್ಕಮ್ಮ ಅದರ ಪಕ್ಕ ಒಂದು ಹಸಿರು ಸೋಪ್ ಬಾಕ್ಸ್ ಇಟ್ಟು, "ಮ್ಯಾಚಾಯ್ತು ಬುಡು" ಅಂದ್ರು.