ಬಡ್ತಿ ಕೇಳುವ ಮೇಲ್‌ನ ಕೊನೆಯ ಓದುಗ ಯಾರು?

ಖಾಸಗಿ ಕಂಪನಿಯಲ್ಲಿ ಬಡ್ತಿ ಕೇಳಿ ಮ್ಯಾನೇಜರ್‌ಗೆ ಬರೆದ ಮೇಲ್ ಅವರ ಹತ್ತಿರವೇ ನಿಲ್ಲುವುದಿಲ್ಲ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ವರ್ಷ ಲೆಕ್ಕ ಹಾಕುವ ಕಂಪನಿಗಳಲ್ಲಿ ಸಾಮಾನ್ಯವಾಗಿ ಜನವರಿ, ಫೆಬ್ರುವರಿ ಹೊತ್ತಿಗೆ ವಿಭಾಗದ ಮುಖ್ಯಸ್ಥರು, ಎಚ್‌ಆರ್‌ನವರು, ಹಣಕಾಸಿನವರು ಒಟ್ಟಿಗೆ ಕೂತು ಹೆಸರುಗಳ ಪಟ್ಟಿ ನೋಡುತ್ತಾರೆ. ಹೆಸರು ಹತ್ತಿದ್ದರೆ ಜಾಗ ಮೂರೋ ನಾಲ್ಕೋ ಇರುತ್ತದೆ. ನಿಮ್ಮ ಹೆಸರು ಬಂದಾಗ ನಿಮ್ಮ ಪರವಾಗಿ ಮಾತಾಡಬೇಕಾದವರು ನಿಮ್ಮ ಮ್ಯಾನೇಜರ್. ಎದುರಿಗಿರುವವರಲ್ಲಿ ಹೆಚ್ಚಿನವರು ನಿಮ್ಮನ್ನು ಲಿಫ್ಟ್‌ನಲ್ಲಿ ನೋಡಿರಬಹುದು, ಅಷ್ಟೆ. ಅಲ್ಲಿ ಮ್ಯಾನೇಜರ್ ‘ತುಂಬಾ ಒಳ್ಳೆಯ ಹುಡುಗಿ, ಕಷ್ಟಪಟ್ಟು ಕೆಲಸ ಮಾಡ್ತಾಳೆ’ ಎಂದರೆ ಮಾತು ಮುಗಿಯಿತು. ಉಳಿದ ಒಂಬತ್ತು ಹೆಸರುಗಳ ಬಗ್ಗೆಯೂ ಅವರವರ ಮ್ಯಾನೇಜರ್‌ಗಳು ಅದನ್ನೇ ಹೇಳುತ್ತಿರುತ್ತಾರೆ.

ಹಾಗಾಗಿ ನೀವು ಬರೆಯಬೇಕಾದದ್ದು ಮ್ಯಾನೇಜರ್ ಆ ಕೋಣೆಗೆ ಹಾಗೇ ಒಯ್ದು ಓದಬಹುದಾದ ಬರಹ. ಅದು ಹೇಗಿರಬೇಕೆಂದು ನೋಡಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಸಾಫ್ಟ್‌ವೇರ್‌ನವರ ಕಥೆ ಎಲ್ಲರೂ ಹೇಳುತ್ತಾರೆ. ನಾವು ಪೀಣ್ಯದ ಕಡೆಯ ಒಂದು ಬಿಡಿಭಾಗಗಳ ಕಾರ್ಖಾನೆಯ ಅಕೌಂಟ್ಸ್ ವಿಭಾಗಕ್ಕೆ ಹೋಗೋಣ. ಅಲ್ಲಿ ಸಪ್ಲೈಯರ್‌ಗಳ ಬಿಲ್ ನೋಡಿಕೊಳ್ಳುವ ಒಬ್ಬಾಕೆ ಇದ್ದಾಳೆ. ಸೇರಿ ನಾಲ್ಕು ವರ್ಷ ಆಗಿದೆ, ಈಗ ಎಕ್ಸಿಕ್ಯುಟಿವ್. ಸೀನಿಯರ್ ಎಕ್ಸಿಕ್ಯುಟಿವ್ ಆಗಬೇಕೆಂಬ ಆಸೆ. ಆಕೆ ಮೊದಲು ಬರೆದದ್ದು ಇದು:

‘ಸರ್, ನಾನು ಈ ಕಂಪನಿಗೆ ಸೇರಿ ನಾಲ್ಕು ವರ್ಷವಾಯಿತು. ಮೊದಲ ದಿನದಿಂದಲೂ ನಿಷ್ಠೆಯಿಂದ, ಇರುವ ರಜೆಯನ್ನೂ ಹಾಕದೆ ಕೆಲಸ ಮಾಡಿದ್ದೇನೆ. ನನ್ನ ಜೊತೆ ಸೇರಿದವರಿಗೆ ಆಗಲೇ ಬಡ್ತಿ ಸಿಕ್ಕಿದೆ. ಮನೆ ಸಾಲದ ಕಂತೂ ಜಾಸ್ತಿಯಾಗಿದೆ. ದಯವಿಟ್ಟು ದೊಡ್ಡ ಮನಸ್ಸು ಮಾಡಿ ನನ್ನ ಬಗ್ಗೆ ಯೋಚಿಸಬೇಕೆಂದು ವಿನಂತಿ.’

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಆ ಕೋಣೆಯಲ್ಲಿ ಗಟ್ಟಿಯಾಗಿ ಓದಬಹುದಾದ ಒಂದು ಸಾಲೂ ಇಲ್ಲ. ನಾಲ್ಕು ವರ್ಷದ ಸೇವೆ ಎಚ್‌ಆರ್ ಫೈಲಿನಲ್ಲೇ ಇದೆ. ಸಾಲದ ಕಂತು ಕೇಳಿ ಮರುಗಬಹುದು, ಅದನ್ನು ಕಾರಣವೆಂದು ಬರೆದುಕೊಳ್ಳಲು ಬರುವುದಿಲ್ಲ. ಜೊತೆಗಾರರ ಹೆಸರೆತ್ತಿದರಂತೂ ಚರ್ಚೆ ನಿಮ್ಮನ್ನು ಬಿಟ್ಟು ಅವರ ಕಡೆ ಹೊರಳುತ್ತದೆ. ಹೋದ ವರ್ಷ ಅವರಿಗೆ ಬಡ್ತಿ ಕೊಟ್ಟ ಮ್ಯಾನೇಜರ್ ತಮ್ಮ ತೀರ್ಮಾನವನ್ನು ಸಮರ್ಥಿಸಿಕೊಳ್ಳಲು ತೊಡಗುತ್ತಾರೆ. ಕೊನೆಯ ‘ದೊಡ್ಡ ಮನಸ್ಸು’ ಬಡ್ತಿಯನ್ನು ದಾನ ಮಾಡಿಬಿಟ್ಟಿತು.

ಈಗ ಆಕೆ ನಿಜವಾಗಿ ಏನು ಮಾಡಿದಳು ಎಂದು ಕೇಳೋಣ. ಸಣ್ಣ ಉದ್ದಿಮೆಗಳಿಂದ ಸರಕು ಕೊಂಡವರು ಅವರಿಗೆ ಬೇಗ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ಬಡ್ಡಿ ಬೀಳುತ್ತದೆ. 2023ರ ಹಣಕಾಸು ಕಾಯ್ದೆ ಇದಕ್ಕೆ ಇನ್ನೊಂದು ಬಿಗಿ ಸೇರಿಸಿತು. ಅತಿಸಣ್ಣ, ಸಣ್ಣ ಉದ್ದಿಮೆಗಳಿಗೆ ಗಡುವು ಮೀರಿ ಬಾಕಿ ಉಳಿಸಿಕೊಂಡ ಹಣವನ್ನು ಕಂಪನಿ ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ, ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬಹುದು. ನಮ್ಮ ಉದಾಹರಣೆಯ ಕಾರ್ಖಾನೆಯಲ್ಲಿ ಹೋದ ಮಾರ್ಚ್ 31ಕ್ಕೆ ಹೀಗೆ ಗಡುವು ಮೀರಿದ ಬಿಲ್‌ಗಳು 41, ಮೊತ್ತ 40 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ.

ತಡ ಆಗುತ್ತಿದ್ದದ್ದು ಅಕೌಂಟ್ಸ್‌ನಲ್ಲಿ ಅಲ್ಲ. ಸರಕಿನ ಜೊತೆ ಬಂದ ಬಿಲ್ ಸ್ಟೋರ್ಸ್‌ನಲ್ಲೇ ಕೂತಿರುತ್ತಿತ್ತು. ಗುಣಮಟ್ಟ ನೋಡಿ, ಜಿಆರ್‌ಎನ್ ಹಾಕಿ, ಮೇಲಕ್ಕೆ ಕಳಿಸುವಷ್ಟರಲ್ಲಿ ಇಪ್ಪತ್ತು ದಿನ ಕಳೆದಿರುತ್ತಿತ್ತು. ಯಾವ ಸಪ್ಲೈಯರ್ ಸಣ್ಣ ಉದ್ದಿಮೆ ಎಂಬುದೂ ಟ್ಯಾಲಿಯಲ್ಲಿ ಗುರುತಾಗಿರಲಿಲ್ಲ. ಆಕೆ ಸಪ್ಲೈಯರ್‌ಗಳಿಂದ ಉದ್ಯಮ್ ನೋಂದಣಿ ಪತ್ರ ತರಿಸಿಕೊಂಡು ಲೆಡ್ಜರ್‌ನಲ್ಲಿ ಗುರುತು ಹಾಕಿದಳು. ಪ್ರತಿ ಸೋಮವಾರ ಸ್ಟೋರ್ಸ್‌ನಿಂದ ಬಾಕಿ ಬಿಲ್‌ಗಳ ಪಟ್ಟಿ ತರಿಸಿ, ಮೂವತ್ತು ದಿನ ದಾಟಿದ್ದನ್ನು ಬೇರೆ ಮಾಡಿ ಮ್ಯಾನೇಜರ್ ಮುಂದಿಡತೊಡಗಿದಳು. ಡಿಸೆಂಬರ್ 31ಕ್ಕೆ ಗಡುವು ಮೀರಿದ ಬಿಲ್ ಮೂರೇ ಉಳಿದವು, ಮೊತ್ತ ಎರಡೂವರೆ ಲಕ್ಷ. ಮೂರರಲ್ಲಿ ಎರಡು ಗುಣಮಟ್ಟದ ತಕರಾರಿನಲ್ಲಿವೆ.

ಇಷ್ಟೆಲ್ಲ ಇದ್ದೂ ಆಕೆ ಬರೆದದ್ದು ರಜೆ ಹಾಕದ ವಿಷಯ! ನಮ್ಮಲ್ಲಿ ಇದು ಹೊಸದಲ್ಲ. ತನ್ನ ಕೆಲಸವನ್ನು ತಾನೇ ಹೇಳಿಕೊಳ್ಳುವುದು ಜಂಬ ಎಂದು ಕಲಿತು ಬೆಳೆದವರು ನಾವು. ಹೇಳಬೇಕಾಗಿ ಬಂದಾಗಲೂ ‘ನಮ್ಮ ಟೀಮ್ ಮಾಡಿತು’ ಎಂದುಬಿಡುತ್ತೇವೆ. ಟೀಮ್ ಮಾಡಿದ್ದರೆ ಟೀಮ್‌ಗೆ ಪಾರ್ಟಿ ಕೊಡಿಸಿದರಾಯಿತು, ಬಡ್ತಿ ಯಾರಿಗೆ ಕೊಡುವುದು? ಹಾಗಂತ ಎಲ್ಲವನ್ನೂ ‘ನಾನು’ ಎಂದು ಬಾಚಿಕೊಂಡರೂ ಕೆಡುತ್ತದೆ. ಸ್ಟೋರ್ಸ್‌ನವರು ಸಹಕರಿಸದೆ ಇದು ಆಗುತ್ತಿರಲಿಲ್ಲ, ಅವರ ಮುಖ್ಯಸ್ಥರೂ ಅದೇ ಕೋಣೆಯಲ್ಲಿ ಕೂತಿರುತ್ತಾರೆ. ಪಟ್ಟಿಯ ಪದ್ಧತಿ ಶುರುಮಾಡಿ ನಡೆಸಿದ್ದು ತಾನು, ಜಿಆರ್‌ಎನ್ ಬೇಗ ಹಾಕಿಕೊಟ್ಟದ್ದು ಅವರು ಎಂದು ಬಿಡಿಸಿ ಬರೆದರೆ ಯಾರೂ ತಲೆ ಅಲ್ಲಾಡಿಸುವುದಿಲ್ಲ.

ಅಂಕಿಯ ವಿಷಯದಲ್ಲಿ ಎಡವುವುದು ಇನ್ನೂ ಸುಲಭ. ನಲವತ್ತು ಲಕ್ಷಕ್ಕೆ ಸುಮಾರು ಶೇಕಡಾ 25ರಂತೆ ಹತ್ತು ಲಕ್ಷ ತೆರಿಗೆ. ‘ಕಂಪನಿಗೆ ಹತ್ತು ಲಕ್ಷ ಉಳಿಸಿದೆ’ ಎಂದು ಬರೆಯಲು ಯಾರಿಗಾದರೂ ಕೈ ತುರಿಸುತ್ತದೆ. ಬರೆಯಬಾರದು. ಆ ಖರ್ಚನ್ನು ಹಣ ಕೊಟ್ಟ ವರ್ಷದಲ್ಲಿ ತೋರಿಸಲು ಅವಕಾಶ ಇರುವುದರಿಂದ ಆ ತೆರಿಗೆ ಪೂರ್ತಿ ಕೈಬಿಟ್ಟು ಹೋಗುವಂಥದ್ದಲ್ಲ, ಒಂದು ವರ್ಷ ಮುಂಚೆ ಕಟ್ಟಬೇಕಾಗಿ ಬರುತ್ತದೆ ಅಷ್ಟೆ. ಹಣಕಾಸಿನ ಮುಖ್ಯಸ್ಥರಿಗೆ ಇದು ಓದಿದ ಕೂಡಲೇ ಹೊಳೆಯುತ್ತದೆ. ಒಂದು ಉಬ್ಬಿಸಿದ ಅಂಕಿ ಸಿಕ್ಕಿಬಿದ್ದರೆ ಪಕ್ಕದ ಮೂರು ನಿಜವಾದ ಅಂಕಿಗಳ ಮೇಲೂ ಅನುಮಾನ ಬರುತ್ತದೆ. ಹಾಗಾಗಿ ಬಾಕಿ ಎಷ್ಟಿತ್ತು, ಎಷ್ಟಾಯಿತು, ಯಾವ ದಿನಾಂಕದಿಂದ ಯಾವ ದಿನಾಂಕಕ್ಕೆ ಎಂದಷ್ಟೇ ಬರೆದು, ಅದು ಎಲ್ಲಿಂದ ಬಂತೆಂದು ತೋರಿಸಬೇಕು. ಈ ಉದಾಹರಣೆಯಲ್ಲಿ ಆಧಾರ ಕೈಯಲ್ಲೇ ಇದೆ. ಟ್ಯಾಲಿಯ ಏಜಿಂಗ್ ರಿಪೋರ್ಟ್ ಒಂದು. ಇನ್ನೊಂದು, ಇಂಥ ಬಾಕಿ ಇರುವ ಕಂಪನಿಗಳು ಆರು ತಿಂಗಳಿಗೊಮ್ಮೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸುವ ಎಂಎಸ್‌ಎಂಇ-1 ನಮೂನೆ. ಆಡಳಿತದವರೇ ಸಹಿ ಹಾಕಿ ಕಳಿಸಿದ ಅಂಕಿಯನ್ನು ಯಾರು ಪ್ರಶ್ನಿಸುತ್ತಾರೆ?

ಇಷ್ಟು ಫಲಿತಾಂಶ ತೋರಿಸಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ‘ಈಗಿನ ಕೆಲಸ ಚೆನ್ನಾಗಿ ಮಾಡಿದ್ದಾಳೆ ಸರಿ, ಅದಕ್ಕೆ ಇನ್‌ಕ್ರಿಮೆಂಟ್ ಕೊಡೋಣ. ಬಡ್ತಿ ಯಾಕೆ?’ ಬಡ್ತಿಯ ಚರ್ಚೆಗಳಲ್ಲಿ ಹೆಸರುಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ. ಮೇಲಿನ ಹುದ್ದೆಯ ಕೆಲಸವನ್ನು ಈಗಾಗಲೇ ಮಾಡುತ್ತಿದ್ದಾಳೆ ಎಂದು ತೋರಿಸಬೇಕು. ಅದಕ್ಕೆ ಮೊದಲು ಆ ಹುದ್ದೆಗೆ ಕಂಪನಿ ಏನು ಬರೆದಿಟ್ಟಿದೆ ಎಂದು ಎಚ್‌ಆರ್‌ನಿಂದ ತಿಳಿದುಕೊಳ್ಳಬೇಕು. ಬರೆದದ್ದು ಇಲ್ಲದಿದ್ದರೆ ಹಿಂದೆ ಆ ಹುದ್ದೆಗೆ ಜನ ಬೇಕೆಂದು ಕೊಟ್ಟ ಜಾಹೀರಾತು ಸಾಕು. ಇಲ್ಲಿ ಅದು ಕೇಳುವುದು ಎರಡು: ಆಡಿಟರ್‌ಗಳ ಪ್ರಶ್ನೆಗೆ ನೇರ ಉತ್ತರ ಕೊಡುವುದು, ಕಿರಿಯರ ಕೆಲಸ ನೋಡಿಕೊಳ್ಳುವುದು. ಎರಡನ್ನೂ ಆಕೆ ಮಾಡುತ್ತಿದ್ದಾಳೆ, ಹೇಳಿರಲಿಲ್ಲ ಅಷ್ಟೆ.

ಈಗ ಮೇಲ್ ಹೀಗಾಯಿತು. ಕಚೇರಿಯಲ್ಲಿ ಇದನ್ನು ಇಂಗ್ಲಿಷಿನಲ್ಲಿ ಬರೆಯುವವರೇ ಹೆಚ್ಚು, ಯಾವ ಭಾಷೆಯಾದರೂ ಹೇಳುವ ಕ್ರಮ ಇದೇ.

‘ಸರ್, ನಮಸ್ಕಾರ. ಈ ಸಾಲಿನ ಬಡ್ತಿ ಪರಿಶೀಲನೆಗೆ ಸೀನಿಯರ್ ಎಕ್ಸಿಕ್ಯುಟಿವ್ ಹುದ್ದೆಗೆ ನನ್ನ ಹೆಸರನ್ನು ಸೇರಿಸಬೇಕೆಂದು ಕೇಳುತ್ತಿದ್ದೇನೆ.

‘ಹೋದ ಮಾರ್ಚ್ 31ಕ್ಕೆ ಸಣ್ಣ ಉದ್ದಿಮೆಗಳ 41 ಬಿಲ್‌ಗಳು, 40 ಲಕ್ಷ ರೂಪಾಯಿ, ಗಡುವು ಮೀರಿ ಬಾಕಿ ಇದ್ದವು. ಡಿಸೆಂಬರ್ 31ಕ್ಕೆ ಅದು ಮೂರು ಬಿಲ್, ಎರಡೂವರೆ ಲಕ್ಷಕ್ಕೆ ಇಳಿದಿದೆ. ಸಪ್ಲೈಯರ್‌ಗಳ ಉದ್ಯಮ್ ನೋಂದಣಿ ಗುರುತಿಸಿ, ಸೋಮವಾರದ ಬಾಕಿ ಪಟ್ಟಿ ಶುರುಮಾಡಿ ನಡೆಸುತ್ತಿರುವವಳು ನಾನು. ಸ್ಟೋರ್ಸ್‌ನವರು ಜಿಆರ್‌ಎನ್ ಬೇಗ ಕೊಟ್ಟಿದ್ದರಿಂದ ಇದು ಸಾಧ್ಯವಾಯಿತು. ಎರಡೂ ದಿನಾಂಕದ ಏಜಿಂಗ್ ರಿಪೋರ್ಟ್ ಲಗತ್ತಿಸಿದ್ದೇನೆ.

‘ಸೀನಿಯರ್ ಹುದ್ದೆಯ ಕೆಲಸಗಳಲ್ಲಿ, ಸಪ್ಲೈಯರ್ ಬಾಕಿಯ ಬಗ್ಗೆ ಆಡಿಟರ್‌ಗಳ ಪ್ರಶ್ನೆಗಳಿಗೆ ಈ ವರ್ಷ ನಾನೇ ಉತ್ತರಿಸಿದ್ದೇನೆ. ಹೊಸದಾಗಿ ಸೇರಿದ ಸಹಾಯಕರಿಗೆ ಕೆಲಸ ಕಲಿಸಿದ್ದೇನೆ, ಈಗ ಅವರ ಎಂಟ್ರಿಗಳನ್ನು ನಾನೇ ಪರಿಶೀಲಿಸುತ್ತೇನೆ.

‘ಪಟ್ಟಿ ಅಂತಿಮವಾಗುವ ಮೊದಲು, ಮುಂದಿನ ವಾರ ಇಪ್ಪತ್ತು ನಿಮಿಷ ಸಮಯ ಕೊಡುತ್ತೀರಾ? ಆ ಹುದ್ದೆಗೆ ನನ್ನಲ್ಲಿ ಕೊರತೆ ಏನಾದರೂ ಕಂಡರೆ ಅದನ್ನೂ ಆಗಲೇ ಕೇಳಿಕೊಳ್ಳುತ್ತೇನೆ.’

ಆಕೆ ಬಡ್ತಿ ಕೊಡಿ ಎಂದು ಕೇಳಿಲ್ಲ, ಪರಿಶೀಲನೆಗೆ ಹೆಸರು ಸೇರಿಸಿ ಎಂದಿದ್ದಾಳೆ. ಬಡ್ತಿ ಕೊಡುವುದು ಮ್ಯಾನೇಜರ್ ಒಬ್ಬರ ಕೈಯಲ್ಲಿಲ್ಲ, ಹೆಸರು ಮುಂದಿಡುವುದು ಇದೆ. ಅವರಿಂದ ಆಗುವುದನ್ನು ಕೇಳಿದರೆ ಆಗಲಿ ಎನ್ನುವುದು ಅವರಿಗೂ ಸುಲಭ. ಸಂಬಳದ ಮಾತು ಬೇಕೆಂದೇ ಇಲ್ಲ, ಅದು ಎದ್ದರೆ ಬಜೆಟ್ ಎದುರಾಗಿ ಅರ್ಹತೆಯ ಚರ್ಚೆ ಅಲ್ಲೇ ನಿಲ್ಲುತ್ತದೆ. ಬೇರೆ ಕಂಪನಿಯ ಆಫರ್ ತೋರಿಸಿ ಒತ್ತಡ ಹಾಕುವವರೂ ಇದ್ದಾರೆ. ಹೋಗಲು ನಿಜವಾಗಿ ತಯಾರಿಲ್ಲದಿದ್ದರೆ ಆ ಮಾತನ್ನು ತೆಗೆಯದಿರುವುದೇ ಲೇಸು.

ಇದನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಡಿ. ರಾತ್ರಿ ಹತ್ತಕ್ಕೆ ಓದಿ ನೀಲಿ ಟಿಕ್ ಬಿದ್ದು, ಬೆಳಗ್ಗೆ ಹೊತ್ತಿಗೆ ಮರೆತಿರುತ್ತಾರೆ. ಮೇಲ್ ಆದರೆ ಫಾರ್ವರ್ಡ್ ಮಾಡಲು ಬರುತ್ತದೆ. ಮ್ಯಾನೇಜರ್‌ನ ಮೇಲಿನವರಿಗೋ ಎಚ್‌ಆರ್‌ಗೋ ಮೊದಲೇ ಪ್ರತಿ ಕಳಿಸಿದರೆ ಅದು ದೂರಿನಂತೆ ಕಾಣುತ್ತದೆ. ಕಳಿಸುವ ದಿನ ಬೆಳಗ್ಗೆ ‘ಸರ್, ಒಂದು ಮೇಲ್ ಹಾಕ್ತಿದ್ದೀನಿ, ನೋಡಿ’ ಎಂದು ಎದುರಿಗೆ ಒಂದು ಮಾತು ಹೇಳಿಟ್ಟರೆ ಸಾಕು.

ಉತ್ತರ ‘ನೋಡೋಣ’ ಎಂದು ಬಂದರೆ ಪಟ್ಟಿ ಯಾವಾಗ ಕಳಿಸುತ್ತೀರಿ ಎಂದು ಕೇಳಿ. ‘ಈ ವರ್ಷ ಕಷ್ಟ’ ಎಂದರೆ ಜಾಗ ಇಲ್ಲವೋ, ತನ್ನಲ್ಲೇ ಏನಾದರೂ ಕಡಿಮೆಯೋ ಎಂದು ಬಿಡಿಸಿ ಕೇಳಬೇಕು, ಎರಡಕ್ಕೂ ಮುಂದಿನ ದಾರಿ ಬೇರೆ. ಮಾತಾಡಿದ್ದನ್ನು ಅದೇ ದಿನ ಎರಡು ಸಾಲಿನಲ್ಲಿ ಮೇಲ್ ಮಾಡಿ. ವರ್ಷ ಕಳೆಯುವಷ್ಟರಲ್ಲಿ ಮ್ಯಾನೇಜರ್ ಬದಲಾಗಿರಬಹುದು, ಮೇಲ್ ಇರುತ್ತದೆ.

ಈ ದಾರಿ ಎಲ್ಲೆಡೆ ನಡೆಯುವುದಿಲ್ಲ. ಸರ್ಕಾರಿ ನೌಕರಿಯಲ್ಲಿ ಜ್ಯೇಷ್ಠತಾ ಪಟ್ಟಿ, ಇಲಾಖಾ ಬಡ್ತಿ ಸಮಿತಿಗಳದ್ದೇ ಮಾತು. ಮಾಲೀಕರ ಮನೆಯವರೇ ಮೇಲಿನ ಹುದ್ದೆಗಳಲ್ಲಿ ಕೂತ ಸಣ್ಣ ಸಂಸ್ಥೆಯಲ್ಲಿ ಎಂಥ ಮೇಲ್ ಬರೆದರೂ ಇಲ್ಲದ ಹುದ್ದೆ ಹುಟ್ಟುವುದಿಲ್ಲ. ಉಳಿದ ಕಡೆ ಜನ ಸೋಲುವುದು ಹೆಚ್ಚಾಗಿ ತಡವಾಗಿ ಕೇಳಿ. ಏಪ್ರಿಲ್‌ನಲ್ಲಿ ಪತ್ರ ಕೈಗೆ ಬಂದ ಮೇಲೆ ಬೇಸರ ಹೇಳಿಕೊಂಡರೆ ಮ್ಯಾನೇಜರ್ ಸಮಾಧಾನ ಹೇಳಬಲ್ಲರೇ ಹೊರತು ಪಟ್ಟಿ ತೆರೆಯಲಾರರು. ನಿಮ್ಮ ಕಂಪನಿಯಲ್ಲಿ ಹೆಸರು ಕಳಿಸುವ ಕೊನೆಯ ದಿನ ಯಾವುದೆಂದು ಈ ವಾರವೇ ಎಚ್‌ಆರ್‌ನವರನ್ನು ಕೇಳಿ, ಅದಕ್ಕೆ ಒಂದು ತಿಂಗಳು ಮುಂಚೆ ಮೇಲ್ ಕಳಿಸಿ.