ಆಡದ ವಾರದಲ್ಲೂ ಕರಗುವ ಅಂಕಗಳು

2018ರ ಏಪ್ರಿಲ್ 12ರಂದು ಕಿದಂಬಿ ಶ್ರೀಕಾಂತ್ ವಿಶ್ವದ ನಂಬರ್ ಒನ್ ಆದರು. ಈಗಿನ ರ‍್ಯಾಂಕಿಂಗ್ ಪದ್ಧತಿ ಬಂದ ಮೇಲೆ ಪುರುಷರ ಸಿಂಗಲ್ಸ್‌ನಲ್ಲಿ ಆ ಸ್ಥಾನಕ್ಕೇರಿದ ಮೊದಲ ಭಾರತೀಯ ಅವರು. ಆದರೆ ಆ ವಾರ ಅವರು ಸಿಂಗಲ್ಸ್‌ನಲ್ಲಿ ಯಾವ ಹೊಸ ಪ್ರಶಸ್ತಿಯನ್ನೂ ಗೆದ್ದಿರಲಿಲ್ಲ. ಅಗ್ರಸ್ಥಾನದಲ್ಲಿದ್ದ ಡೆನ್ಮಾರ್ಕ್‌ನ ವಿಕ್ಟರ್ ಅಕ್ಸೆಲ್ಸನ್ ಯಾರಿಗೂ ಸೋತಿರಲಿಲ್ಲ. ಹಾಗಾದರೆ ಅದಲುಬದಲಾದದ್ದು ಹೇಗೆ?

ಬ್ಯಾಡ್ಮಿಂಟನ್‌ನಲ್ಲಿ ಗೆದ್ದ ಅಂಕಕ್ಕೆ 52 ವಾರಗಳ ಆಯುಸ್ಸು. ಕಳೆದ 52 ವಾರಗಳಲ್ಲಿ ಆಡಿದ ಟೂರ್ನಿಗಳ ಪೈಕಿ ಅತ್ಯುತ್ತಮವಾದ ಹತ್ತನ್ನು ಕೂಡಿಸಿದರೆ ಬರುವುದೇ ಆಟಗಾರನ ಮೊತ್ತ. ವಾರಕ್ಕೊಮ್ಮೆ ಪಟ್ಟಿ ಹೊಸದಾಗುತ್ತದೆ. ಈಗ ಮಂಗಳವಾರ, ಆಗ ಗುರುವಾರ. 2017ರಲ್ಲಿ ಮಲೇಷ್ಯಾ ಓಪನ್ ನಡೆದದ್ದು ಏಪ್ರಿಲ್ ಮೊದಲ ವಾರದಲ್ಲಿ. 2018ರಲ್ಲಿ ಅದೇ ಹೊತ್ತಿಗೆ ಕಾಮನ್‌ವೆಲ್ತ್ ಕ್ರೀಡಾಕೂಟವಿದ್ದ ಕಾರಣ ಟೂರ್ನಿ ಜೂನ್ ಕೊನೆಗೆ ಸರಿಯಿತು. ಹಳೆಯ ಅಂಕದ ಅವಧಿ ಮುಗಿಯಿತು, ಅದನ್ನು ತುಂಬಿಕೊಳ್ಳಲು ಹೊಸ ಟೂರ್ನಿ ಇರಲಿಲ್ಲ. ಅಕ್ಸೆಲ್ಸನ್ ಅವರ 77,130 ಅಂಕಗಳಲ್ಲಿ 1,660 ಕಳೆದು 75,470 ಉಳಿದವು. ಶ್ರೀಕಾಂತ್ ಬಳಿ 76,895 ಇದ್ದವು. ಒಂದು ವಾರ ಕಳೆಯುವಷ್ಟರಲ್ಲಿ ಅಕ್ಸೆಲ್ಸನ್ ಮತ್ತೆ ಮೇಲೆ ಬಂದರು.

ಇದನ್ನು ಅದೃಷ್ಟದ ಪಟ್ಟ ಎಂದವರಿದ್ದರು. ನಾನು ಒಪ್ಪುವುದಿಲ್ಲ. 2017ರಲ್ಲಿ ಇಂಡೊನೇಷ್ಯಾ, ಆಸ್ಟ್ರೇಲಿಯಾ, ಡೆನ್ಮಾರ್ಕ್, ಫ್ರಾನ್ಸ್ ಈ ನಾಲ್ಕು ಸೂಪರ್ ಸರಣಿ ಪ್ರಶಸ್ತಿಗಳನ್ನು ಗೆದ್ದು ಶ್ರೀಕಾಂತ್ ಅಷ್ಟು ಹತ್ತಿರ ಬಂದು ನಿಂತಿದ್ದರಿಂದಲೇ ಆ 1,660 ಅಂಕಗಳಿಗೆ ಬೆಲೆ ಬಂದದ್ದು.

ಅಂಕ ಗಳಿಸುವ ಲೆಕ್ಕ ಟೂರ್ನಿಯ ದರ್ಜೆಯ ಮೇಲೆ ನಿಂತಿದೆ. ಸೂಪರ್ 1000 ದರ್ಜೆಯ ಚಾಂಪಿಯನ್‌ಗೆ 12,000, ಸೂಪರ್ 500 ಗೆದ್ದವರಿಗೆ 9,200, ಸೂಪರ್ 300 ಗೆದ್ದವರಿಗೆ 7,000 ಅಂಕ. ಸೂಪರ್ 1000ರ ಮೊದಲ ಸುತ್ತಿನಲ್ಲೇ ಸೋತವರಿಗೂ 3,000 ಸಿಗುತ್ತದೆ. ಸೂಪರ್ 300ರಲ್ಲಿ ಒಂದು ಪಂದ್ಯ ಗೆದ್ದು ಎರಡನೇ ಸುತ್ತಿನಲ್ಲಿ ಸೋತರೆ ಸಿಗುವುದು 2,750 ಮಾತ್ರ. ದೊಡ್ಡ ಟೂರ್ನಿಯ 32 ಜನರ ಮುಖ್ಯ ಸುತ್ತಿಗೆ ಪ್ರವೇಶ ಸಿಗುವುದು ರ‍್ಯಾಂಕಿಂಗ್ ನೋಡಿಯೇ. ಹಾಗಾಗಿ ಮೇಲಿದ್ದವರಿಗೆ ಸೋತರೂ ಅಂಕ. ಕೆಳಗಿನಿಂದ ಬರುವ ಹುಡುಗಿಗೆ ಇಂಟರ್‌ನ್ಯಾಷನಲ್ ಚಾಲೆಂಜ್ ಟೂರ್ನಿಯನ್ನು ಗೆದ್ದರೂ 4,000. ಇದು ಈ ಪದ್ಧತಿಯ ಕಠಿಣ ಮುಖ.

ಇನ್ನು ಕಳೆದುಕೊಳ್ಳುವ ಲೆಕ್ಕ. ಇದರಲ್ಲಿ ಎಡವುವ ಅಭಿಮಾನಿಗಳೇ ಹೆಚ್ಚು, ಆದ್ದರಿಂದ ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಆಟಗಾರ್ತಿಯೊಬ್ಬಳು ಕಳೆದ ವರ್ಷ ಒಂದು ಸೂಪರ್ 500 ಟೂರ್ನಿ ಗೆದ್ದಿದ್ದಳು ಎನ್ನಿ. ಈ ವರ್ಷ ಅದೇ ವಾರ ಅದೇ ಟೂರ್ನಿಯ ಕ್ವಾರ್ಟರ್‌ಫೈನಲ್‌ನಲ್ಲಿ ಸೋತಳು. ಹಳೆಯ 9,200 ಹೋಗಿ ಹೊಸ 5,040 ಬರುತ್ತದೆ. ಮೊತ್ತ 4,160 ಇಳಿಯುತ್ತದೆ. ಸೆಮಿಫೈನಲ್ ತಲುಪಿದ್ದರೂ 6,420 ಬಂದು 2,780 ಕಡಿಮೆಯಾಗುತ್ತಿತ್ತು. ಅಂದರೆ ಮತ್ತೆ ಗೆದ್ದರೆ ಮಾತ್ರ ಇದ್ದಲ್ಲೇ ಇರಬಹುದು. ‘ಅಂಕ ಉಳಿಸಿಕೊಳ್ಳಬೇಕಿದೆ’ ಎಂದು ವೀಕ್ಷಕ ವಿವರಣೆಯಲ್ಲಿ ಕೇಳಿಬರುವುದು ಇದನ್ನೇ.

ಅವಳು ಗಾಯಗೊಂಡು ಆಡಲೇ ಇಲ್ಲ ಎಂದಾದರೆ? ಆಗ ಹನ್ನೊಂದನೆಯ ಟೂರ್ನಿ ನೆರವಿಗೆ ಬರುತ್ತದೆ. ಲೆಕ್ಕಕ್ಕೆ ಸೇರದೆ ಹೊರಗೆ ಉಳಿದಿದ್ದ ಅವಳ ಹನ್ನೊಂದನೆಯ ಉತ್ತಮ ಫಲಿತಾಂಶ 3,600 ಆಗಿದ್ದರೆ ಅದು ಒಳಗೆ ಬರುತ್ತದೆ, ನಷ್ಟ 5,600ಕ್ಕೆ ನಿಲ್ಲುತ್ತದೆ. ವರ್ಷದಲ್ಲಿ ಹತ್ತೇ ಟೂರ್ನಿ ಆಡಿದ್ದರೆ ಒಳಗೆ ಬರಲು ಏನೂ ಇಲ್ಲ. 9,200 ಪೂರ್ತಿ ಹೋಗುತ್ತದೆ. ಪಟ್ಟಿಯಲ್ಲಿ ಪ್ರತಿ ಹೆಸರಿನ ಪಕ್ಕ ಆಡಿದ ಟೂರ್ನಿಗಳ ಸಂಖ್ಯೆ ಇರುತ್ತದೆ, ಅದನ್ನು ಗಮನಿಸಿ. ಎಂಟೇ ಟೂರ್ನಿ ಆಡಿದವರಿಗೆ ಮುಂದಿನ ಎರಡು ಟೂರ್ನಿಗಳ ಅಂಕ ಹಾಗೇ ಕೂಡಿಕೊಳ್ಳುತ್ತದೆ. ಹದಿನೆಂಟು ಆಡಿದವರಿಗೆ ಹೊಸ ಫಲಿತಾಂಶ ಹತ್ತನೆಯದಕ್ಕಿಂತ ಉತ್ತಮವಾಗಿದ್ದರೆ ಮಾತ್ರ ಲಾಭ, ಅದೂ ಎರಡರ ನಡುವಿನ ವ್ಯತ್ಯಾಸದಷ್ಟೇ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಆರು ತಿಂಗಳು ಮನೆಯಲ್ಲಿರುವವರ ಅಂಕ ಮಾತ್ರ ವಾರವಾರವೂ ಕರಗುತ್ತಲೇ ಇರುತ್ತದೆ.

ಡಬಲ್ಸ್‌ನಲ್ಲಿ ಅಂಕ ಯಾರದು ಎನ್ನುವುದು ಬೇರೆಯೇ ಪ್ರಶ್ನೆ. ಟೆನಿಸ್‌ನ ಡಬಲ್ಸ್ ರ‍್ಯಾಂಕಿಂಗ್‌ನಲ್ಲಿ ಅಂಕ ಆಟಗಾರನ ಹೆಸರಿಗೇ ಸೇರುತ್ತದೆ. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು, 43ನೇ ವಯಸ್ಸಿನಲ್ಲಿ ನಂಬರ್ ಒನ್ ಆದದ್ದು ತಮ್ಮದೇ ಖಾತೆಯ ಅಂಕಗಳಿಂದ. ಜೊತೆಗಾರ ಬದಲಾದರೂ ಆ ಅಂಕ ಅವರ ಜೊತೆಗೇ ಹೋಗುತ್ತದೆ. ಬ್ಯಾಡ್ಮಿಂಟನ್‌ನಲ್ಲಿ ಅಂಕ ಜೋಡಿಯದು. ನಮ್ಮ ಅಶ್ವಿನಿ ಪೊನ್ನಪ್ಪ 2023ರಲ್ಲಿ ತನಿಶಾ ಕ್ರಾಸ್ಟೊ ಜೊತೆ ಆಡಲು ಶುರುಮಾಡಿದಾಗ, ಹಿಂದಿನ ಜೊತೆಗಾರ್ತಿಯರೊಂದಿಗೆ ಗಳಿಸಿದ್ದ ಅಂಕ ಹೊಸ ಜೋಡಿಯ ಮೊತ್ತಕ್ಕೆ ಸೇರಲಿಲ್ಲ. ಶೂನ್ಯದಿಂದ ಕೂಡಿಸುತ್ತಾ ಬಂದ ಆ ಜೋಡಿ ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆಡಿತು.